ತುರಿಸುವ ಕಂಬಳಿ ಹುಳ ಯಾವುದು, ಬರೀ ಹೆದರಿಸುವುದು ಯಾವುದು? ಫೋಟೊ ನೋಡಿ ಗುರುತಿಸುವುದು ಹೀಗೆ

ರೋಣ: ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ರೋಣ, ನರಗುಂದ, ಗಜೇಂದ್ರಗಡದ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಹುಳದ ಫೋಟೊ ಬರೋಕೆ ಶುರುವಾಗುತ್ತವೆ. "ಇದ್ಯಾವ ಹುಳಾರಿ? ಮುಟ್ಟಿದ್ರ ಏನಾಗತೈತಿ?" ಅಂತ ಒಬ್ಬರು ಕೇಳಿದರೆ ಐದು ಮಂದಿ ಐದು ಉತ್ತರ ಕೊಡುತ್ತಾರೆ. ಒಬ್ಬರಿಗೆ ಅದು ವಿಷದ ಹುಳ, ಇನ್ನೊಬ್ಬರಿಗೆ ಪಾತರಗಿತ್ತಿ ಮರಿ. ಇಬ್ಬರೂ ಬರೀ ಕೂದಲು ನೋಡಿ ಹೇಳಿರುತ್ತಾರೆ. ಆದರೆ ಕೂದಲು ಜಾಸ್ತಿ ಇದ್ದ ಮಾತ್ರಕ್ಕೆ ತುರಿಕೆ ಜಾಸ್ತಿ ಅಂತೇನಿಲ್ಲ. ನಮ್ಮ ಹೊಲದಲ್ಲಿ ಎಲ್ಲಕ್ಕಿಂತ ಭಯಂಕರ ಕಾಣುವ ಕೆಂಪು ಕಂಬಳಿ ಹುಳ ಮೈಗೆ ಅಷ್ಟೇನೂ ತೊಂದರೆ ಕೊಡಲ್ಲ. ನೋಡೋಕೆ ಚೆಂದ ಇರುವ, ಮೈಮೇಲೆ ಕೂದಲೇ ಕಾಣದ ಹಸಿರು ಹುಳ ಒಂದಿದೆ, ಅದನ್ನು ಮುಟ್ಟಿದವರು ಚೇಳು ಕಡಿದಂಗೆ ಕೈ ಝಾಡಿಸುತ್ತಾರೆ.

ಹುಳ ಯಾವುದು, ಅದು ಬೆಳೆದು ಯಾವ ಪತಂಗ ಅಥವಾ ಪಾತರಗಿತ್ತಿ ಆಗುತ್ತೆ ಅನ್ನೋದನ್ನು ಫೋಟೊದಿಂದಲೇ ಬಹಳಷ್ಟು ಮಟ್ಟಿಗೆ ಗುರುತಿಸಬಹುದು. ಅದಕ್ಕೆ ಫೋಟೊದಲ್ಲಿ ಹುಳದ ಜೊತೆಗೆ ಇನ್ನೊಂದು ಇರಲೇಬೇಕು: ಅದು ಕೂತಿದ್ದ ಗಿಡ.

ಮೊದಲು ಗಿಡ, ಆಮೇಲೆ ಹುಳ

ಹುಳಗಳಿಗೆ ಊಟದ ವಿಷಯದಲ್ಲಿ ಭಾರಿ ಹಟ. ಎಕ್ಕೆ ಗಿಡದ ಮೇಲೆ ಹಳದಿ, ಕಪ್ಪು, ಬಿಳಿ ಪಟ್ಟೆಯ ನುಣುಪು ಹುಳ ಕಂಡರೆ, ಅದರ ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು ನಿಂತಿದ್ದರೆ, ಹೆಚ್ಚು ಯೋಚನೆ ಮಾಡಬೇಕಿಲ್ಲ. ಅದು ನಮ್ಮ ಬದುಗಳಲ್ಲಿ ವರ್ಷವಿಡೀ ಹಾರಾಡುವ ಕೇಸರಿ ಬಣ್ಣದ ಪಾತರಗಿತ್ತಿಯ ಮರಿ. ರೆಕ್ಕೆಯ ತುದಿ ಕಪ್ಪು, ಅದರೊಳಗೆ ಬಿಳಿ ಚುಕ್ಕೆ ಇರುವ ಪಾತರಗಿತ್ತಿ ಅದು. ಆ ಎಳೆಗಳು ಮುಳ್ಳಲ್ಲ, ಮೆತ್ತಗಿರುತ್ತವೆ, ಕೈಗೆ ಏನೂ ಮಾಡಲ್ಲ. ಲಿಂಬೆ ಅಥವಾ ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಇದ್ದರೆ ಅದು ಲಿಂಬೆ ಪಾತರಗಿತ್ತಿಯದು. ಅದೇ ಹುಳ ದೊಡ್ಡದಾದ ಮೇಲೆ ಪೂರ್ತಿ ಹಸಿರಾಗುತ್ತೆ, ಹಂಗಾಗಿ ವಾರದ ಅಂತರದಲ್ಲಿ ತೆಗೆದ ಎರಡು ಫೋಟೊ ನೋಡಿದವರು ಎರಡು ಬೇರೆ ಹುಳ ಅಂದುಕೊಳ್ಳುತ್ತಾರೆ.

ಆದ್ದರಿಂದ ಫೋಟೊ ತೆಗೆಯುವಾಗ ಹುಳವನ್ನು ಕಡ್ಡಿಯಿಂದ ನೆಲಕ್ಕೆ ಕೆಡವಿ ತೆಗೆಯಬೇಡಿ. ಎಲೆ ಮೇಲೆ ಇದ್ದಂಗೇ ಒಂದು, ಗಿಡ ಪೂರ್ತಿ ಕಾಣುವಂಗೆ ಒಂದು, ಹುಳದ ಪಕ್ಕೆ ಕಾಣುವಂಗೆ ಒಂದು, ಇಷ್ಟು ಇರಲಿ. ಮೇಲಿಂದ ಮಾತ್ರ ತೆಗೆದ ಫೋಟೊದಲ್ಲಿ ಕಾಲು ಕಾಣಲ್ಲ, ಪಕ್ಕದ ಗೆರೆ ಕಾಣಲ್ಲ, ಎಷ್ಟೋ ಸಲ ಗುರುತು ಇರೋದು ಅಲ್ಲೇ. ಅಳತೆ ತಿಳಿಯಲಿ ಅಂತ ಹತ್ತಿರ ಪೆನ್ನೋ ಐದು ರೂಪಾಯಿ ನಾಣ್ಯವೋ ಇಟ್ಟರೆ ಇನ್ನೂ ಒಳ್ಳೆಯದು. ಹುಳ ಗೋಡೆ ಮೇಲೆ ಹರಿದಾಡುತ್ತಿದ್ದರೆ, ತಲೆ ಮೇಲೆ ಯಾವ ಗಿಡದ ಟೊಂಗೆ ಚಾಚಿದೆ ನೋಡಿ ಅದನ್ನೂ ಬರೆಯಿರಿ. ಗೋಡೆ ಹುಳದ ಊಟ ಅಲ್ಲವಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬಹುದು. ನಮ್ಮ ಭಾಗದಲ್ಲಿ ಮೈತುಂಬಾ ಉದ್ದ ಕೂದಲು ತುಂಬಿದ ಕಂಬಳಿ ಹುಳ ಕಂಡರೆ ಅದು ಪತಂಗದ ಮರಿ, ಅಂದರೆ ರಾತ್ರಿ ದೀಪಕ್ಕೆ ಬರುವ ಜಾತಿಯದು. ಪಾತರಗಿತ್ತಿ ಮರಿಗಳು ನುಣುಪಾಗಿರುತ್ತವೆ, ಇಲ್ಲವೇ ಗಟ್ಟಿ ಮುಳ್ಳಿನಂಥವು ಇರುತ್ತವೆ. ಕಂಬಳಿ ಹೊದ್ದಂಗೆ ಇರೋದಿಲ್ಲ.

ಒಂದು ಔಡಲ ಗಿಡ, ಐದು ಹುಳ

ಗಿಡ ಗೊತ್ತಾದರೂ ಕೆಲಸ ಪೂರ್ತಿ ಮುಗಿಯಲ್ಲ ಅನ್ನೋದಕ್ಕೆ ಔಡಲವೇ ಸಾಕ್ಷಿ. ಹೊಲದ ಬದುವಿನಲ್ಲಿ, ಹಿತ್ತಲಲ್ಲಿ, ಬಸ್ ಸ್ಟ್ಯಾಂಡ್ ಹಿಂದಿನ ತಿಪ್ಪೆಯಲ್ಲಿ ತಾನಾಗೇ ಬೆಳೆಯುವ ಈ ಗಿಡದ ಒಂದೇ ಟೊಂಗೆಯಲ್ಲಿ ಐದು ಥರದ ಹುಳ ಸಿಗಬಹುದು. ಮೂರನ್ನು ಕಂಡು ಹೆದರಬೇಕಿಲ್ಲ, ಎರಡರ ಹತ್ತಿರ ಹೋಗಬಾರದು. ಹೀಗಾಗಿ ಫೋಟೊದಿಂದ ಗುರುತಿಸೋದನ್ನು ಕಲಿಯೋಕೆ ಇದಕ್ಕಿಂತ ಒಳ್ಳೆ ಗಿಡ ಇಲ್ಲ.

ಮೊದಲನೆಯದು ಕೊಂಡಿ ಹುಳ. ಮೈಮೇಲೆ ಕಂಬಳಿ ಇಲ್ಲ. ಬೂದು ಅಥವಾ ಕಪ್ಪು ಬಣ್ಣ, ಪಕ್ಕೆಯಲ್ಲಿ ತಿಳಿ ಅಥವಾ ಕೆಂಪು ಗೆರೆ. ನಡೆಯುವಾಗ ನಡುವನ್ನು ಕಮಾನಿನಂಗೆ ಎತ್ತಿ ಗೇಣು ಹಾಕುತ್ತಾ ಹೋಗುತ್ತೆ, ಅದಕ್ಕೇ ಆ ಹೆಸರು. ಔಡಲ ಎಲೆಯಲ್ಲಿ ನರ ಮಾತ್ರ ಉಳಿಸಿ ಉಳಿದದ್ದೆಲ್ಲ ತಿಂದು ಹಾಕೋದು ಇದೇ. ಬೆಳೆದ ಪತಂಗ ಕೂತಾಗ ಬರೀ ಕಂದು ಬಣ್ಣದ್ದು, ಒಣಗಿದ ಎಲೆ ಥರ. ಹಿಂದಿನ ರೆಕ್ಕೆ ಬಿಚ್ಚಿದಾಗ ಮಾತ್ರ ಕಪ್ಪು ನೆಲದ ಮೇಲೆ ಅಗಲ ಬಿಳಿ ಪಟ್ಟಿ, ಅಂಚಿನಲ್ಲಿ ಬಿಳಿ ಚುಕ್ಕೆ ಕಾಣುತ್ತವೆ. ರೆಕ್ಕೆ ಮುಚ್ಚಿದ ಫೋಟೊ ಕಳಿಸಿದರೆ ಇದನ್ನು ಗುರುತಿಸೋದು ಕಷ್ಟ. ದಾಳಿಂಬೆ, ಲಿಂಬೆ ಹಾಕಿದವರಿಗೆ ಈ ಪತಂಗದ ಪರಿಚಯ ಬೇರೆ ಕಾರಣಕ್ಕೂ ಇರುತ್ತೆ. ರಾತ್ರಿ ಬಂದು ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ಪತಂಗಗಳಲ್ಲಿ ಇದೂ ಒಂದು.

ಎರಡನೆಯದಕ್ಕೆ ಮೈಮೇಲೆ ಕವಲೊಡೆದ ಮುಳ್ಳು, ತಲೆ ಮೇಲೆ ಎರಡು ಕೊಂಬು, ಬೆನ್ನುದ್ದಕ್ಕೂ ತಿಳಿ ಬಣ್ಣದ ಪಟ್ಟಿ. ನೋಡಿದವರು ಹೌಹಾರುತ್ತಾರೆ. ಆದರೆ ಇದು ಔಡಲ ಪಾತರಗಿತ್ತಿಯ ಮರಿ, ಮುಳ್ಳಲ್ಲಿ ವಿಷ ಇಲ್ಲ. ಬೆಳೆದದ್ದು ಇಟ್ಟಂಗಿ ಬಣ್ಣದ ರೆಕ್ಕೆ ಮೇಲೆ ಕಪ್ಪು ಅಲೆ ಗೆರೆ ಇರುವ ಪಾತರಗಿತ್ತಿ. ಔಡಲದ ಸುತ್ತಲೇ ಸುಳಿದಾಡುತ್ತಾ, ರೆಕ್ಕೆ ಬಿಚ್ಚಿ ಎಲೆ ಮೇಲೆ ಕೂರುತ್ತೆ.

ಮೂರನೆಯದು ಅಪ್ಪಟ ಕಂಬಳಿ ಹುಳ. ಕಪ್ಪು ಮೈ, ಉದ್ದ ಕಂದು ಕೂದಲು, ಮುಟ್ಟಿದರೆ ಚಕ್ಕುಲಿ ಥರ ಸುತ್ತಿಕೊಳ್ಳುತ್ತೆ. ಇದರ ಪತಂಗದ ಮುಂದಿನ ರೆಕ್ಕೆ ಬೂದು, ಅದರ ಮೇಲೆ ಕಪ್ಪು ಚುಕ್ಕೆ, ಹಿಂದಿನ ರೆಕ್ಕೆ ಗುಲಾಬಿ. ಈ ಗುಂಪಿನ ಹುಳಗಳ ಕೂದಲಲ್ಲಿ ವಿಷದ ಚೀಲ ಇರೋದಿಲ್ಲ. ಎಳೆ ಮಕ್ಕಳ ಚರ್ಮಕ್ಕೆ, ಅಲರ್ಜಿ ಇರುವವರಿಗೆ ಸ್ವಲ್ಪ ಕೆಂಪಾಗಿ ತುರಿಸಬಹುದು, ತೊಳೆದರೆ ಕಡಿಮೆಯಾಗುತ್ತೆ.

ನಾಲ್ಕನೆಯದು ಮೂರನೆಯದಕ್ಕಿಂತ ಸಣ್ಣದು, ಕೂದಲೂ ಕಡಿಮೆ. ಜನ ಇದನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಎಡವೋದು ಇಲ್ಲೇ. ಕೆಂಪು ತಲೆ, ತಲೆಯ ಸುತ್ತ ಬಿಳಿ ಕೂದಲು, ಕೆಂಗಂದು ಮೈ ಇರುವುದು ಒಂದು ಜಾತಿ. ಬೆನ್ನ ಮೇಲೆ ಹಳದಿ ಪಟ್ಟಿ, ಅದರ ನಡುವೆ ಕೆಂಪು ಗೆರೆ ಇರುವುದು ಇನ್ನೊಂದು. ಉದ್ದ ಕೂದಲಿನ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಚೂಪು ಮುಳ್ಳುಗಳ ಗೊಂಚಲು ಇರುತ್ತೆ. ಅವು ಸುಲಭವಾಗಿ ಕಳಚಿ ಗಾಳಿಗೆ ಹಾರಿ, ಬಟ್ಟೆಗೆ ಹತ್ತಿ, ಚರ್ಮದೊಳಗೆ ಹೋಗುತ್ತವೆ. ಬೆಳೆದದ್ದು ಮೆತ್ತನೆಯ ಹಳದಿ ಪತಂಗ, ಅಂಗಡಿ ಮುಂದಿನ ಟ್ಯೂಬ್‌ಲೈಟಿಗೆ ಬಂದು ಗೋಡೆಗೆ ಕೂರುತ್ತೆ. ಹೆಣ್ಣು ಪತಂಗ ಮೊಟ್ಟೆ ಇಟ್ಟು ಅದರ ಮೇಲೆ ತನ್ನ ಹೊಟ್ಟೆಯ ಹಳದಿ ಕೂದಲು ಹೊದಿಸುತ್ತೆ. ಈ ಗುಂಪಿನಲ್ಲಿ ಪತಂಗವನ್ನು, ಮೊಟ್ಟೆ ಗುಂಪನ್ನು ಮುಟ್ಟಿದರೂ ತುರಿಸಬಹುದು. ಅದಕ್ಕೇ ಹಳದಿ ಪತಂಗವನ್ನು ಅಂಗೈಯಿಂದ ಗೋಡೆಗೆ ಉಜ್ಜಬಾರದು.

ಐದನೆಯದು ಆ ಹಸಿರು ಹುಳ. ಚಪ್ಪಟೆಗೆ, ದಪ್ಪಗೆ, ಕಾಲೇ ಇಲ್ಲದಂತೆ ಎಲೆಗೆ ಅಂಟಿಕೊಂಡು ಜಾರುತ್ತಾ ಹೋಗುತ್ತೆ. ಬೆನ್ನ ಮೇಲೆ ನೀಲಿ ಛಾಯೆಯ ಪಟ್ಟಿ, ಎರಡೂ ಬದಿಗೆ ಸಣ್ಣ ಮುಳ್ಳಿನ ಗುಚ್ಛಗಳ ಸಾಲು. ಮಾವು, ದಾಳಿಂಬೆ, ತೆಂಗಿನಲ್ಲೂ ಇರುತ್ತೆ. ಪ್ರತಿ ಮುಳ್ಳೂ ಒಂದು ಸಣ್ಣ ಇಂಜೆಕ್ಷನ್ ಸೂಜಿ. ಪತಂಗ ಮಾತ್ರ ಬಹಳ ಅಂದವಾಗಿರುತ್ತೆ, ಮುಂದಿನ ರೆಕ್ಕೆಯ ನಡುಭಾಗ ಹಸಿರು, ಬುಡದಲ್ಲಿ ಕಂದು ಮಚ್ಚೆ, ಅಂಚು ಕಂದು. ಅದನ್ನು ಮುಟ್ಟಿದರೆ ಏನೂ ಆಗಲ್ಲ. ಇದರ ಗೂಡು ಟೊಂಗೆಗೆ ಅಂಟಿದ ಗಟ್ಟಿ ಬೀಜದಂಗೆ ಇರುತ್ತೆ. ಹುಳದ ಮುಳ್ಳು ಆ ಗೂಡಿನ ಹೊರಗೂ ಅಂಟಿಕೊಂಡಿರುತ್ತವೆ, ಹಂಗಾಗಿ ಮರ ಹತ್ತುವವರು ಹುಳ ಇಲ್ಲದ ಕಾಲದಲ್ಲೂ ಚುಚ್ಚಿಸಿಕೊಳ್ಳುತ್ತಾರೆ.

ಚುಚ್ಚುವುದು ಬೇರೆ, ತುರಿಸುವುದು ಬೇರೆ

ಹುಳವನ್ನು ಕಣ್ಣಾರೆ ನೋಡದೇ ಇದ್ದಾಗಲೂ ಮೈಗೆ ಆಗಿದ್ದನ್ನು ನೋಡಿ ಯಾವ ಗುಂಪಿನದು ಅಂತ ಹೇಳಬಹುದು. ಹಸಿರು ಹುಳದಂಥದ್ದು ಚುಚ್ಚಿದರೆ ಆ ಕ್ಷಣಕ್ಕೇ ಉರಿ. ಎಲ್ಲಿ ತಾಗಿತೋ ಅಷ್ಟೇ ಜಾಗ ಕೆಂಪಾಗಿ ಉಬ್ಬುತ್ತೆ, ಕೆಲವೊಮ್ಮೆ ಮುಳ್ಳಿನ ಸಾಲಿನ ಅಚ್ಚೇ ಮೂಡುತ್ತೆ. ಮುಟ್ಟಿದವರಿಗೆ ಯಾವಾಗ, ಎಲ್ಲಿ ಮುಟ್ಟಿದೆ ಅನ್ನೋದು ಪಕ್ಕಾ ಗೊತ್ತಿರುತ್ತೆ.

ಸಣ್ಣ ಮುಳ್ಳು ಉದುರಿಸುವ ಹುಳದ್ದು ಹಾಗಲ್ಲ. ಮೊದಲು ಏನೂ ಅನ್ನಿಸಲ್ಲ, ಕೆಲವು ನಿಮಿಷದಿಂದ ಕೆಲವು ತಾಸಿನ ನಂತರ ತುರಿಕೆ ಶುರು. ಕುತ್ತಿಗೆ, ಮುಂಗೈ, ಸೊಂಟದ ಪಟ್ಟಿ ಇರುವ ಕಡೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಉಜ್ಜಿದಷ್ಟೂ ಹೊಸ ಜಾಗಕ್ಕೆ ಹರಡುತ್ತೆ. "ಹುಳಾನೇ ಮುಟ್ಟಿಲ್ಲ, ಮೈಯೆಲ್ಲಾ ತುರಸಾಕತ್ತೈತಿ" ಅಂತ ಜನ ಹೇಳೋದು ಇದಕ್ಕೇ. ಹುಳ ಇದ್ದ ಮರದ ಕೆಳಗೆ ಬಟ್ಟೆ ಒಣಹಾಕಿದ್ದು, ಹೊರಸು ಹಾಕಿ ಮಲಗಿದ್ದು, ಹುಳ ಬಿಟ್ಟ ಪೊರೆಯನ್ನು ಕಸಬರಿಗೆಯಿಂದ ಗುಡಿಸಿದ್ದು, ಇಷ್ಟು ಸಾಕು. ಹುಳ ಸತ್ತ ಮೇಲೂ ಅದರ ಮುಳ್ಳಿಗೆ ತುರಿಸುವ ಗುಣ ಹೋಗಲ್ಲ.

ಅಂಗಡಿ ಮುಂದಿನ ನುಗ್ಗೆ ಮರ

ಊರೊಳಗೆ ಹೆಚ್ಚು ದೂರು ಬರುವುದು ನುಗ್ಗೆ ಮರದಿಂದ. ಒಂದು ಫೋಟೊ ಬಂತು ಅನ್ನಿ. ಮರದ ಬೊಡ್ಡೆಯ ಮೇಲೆ, ಆಳೆತ್ತರದಲ್ಲಿ, ಕಂದು ಬಣ್ಣದ ಗೋಣಿತಟ್ಟು ಅಂಟಿಸಿದಂಗೆ ಏನೋ ಇದೆ. ಹಿಗ್ಗಿಸಿ ನೋಡಿದರೆ ಒಂದರ ಪಕ್ಕ ಒಂದು ಒತ್ತಾಗಿ ಕೂತ ನೂರಾರು ಕಂಬಳಿ ಹುಳ.

ಇದನ್ನು ಗುರುತಿಸುವ ದಾರಿ ಹೀಗೆ. ಗಿಡ ನುಗ್ಗೆ. ಹುಳ ಒಂಟಿಯಲ್ಲ, ಗುಂಪು. ಹಗಲಲ್ಲಿ ಎಲೆ ಬಿಟ್ಟು ಬೊಡ್ಡೆಗೆ ಬಂದು ಕೂತಿವೆ. ಮೈತುಂಬಾ ದಟ್ಟ ಕೂದಲು. ಈ ನಾಲ್ಕೂ ಸೇರಿದರೆ ಅದು ನುಗ್ಗೆ ಕಂಬಳಿ ಹುಳ. ರಾತ್ರಿ ಮೇಲೆ ಹತ್ತಿ ಎಲೆ ತಿನ್ನುತ್ತೆ, ತೊಗಟೆಯನ್ನೂ ಕೆರೆಯುತ್ತೆ. ಬೆಳೆದ ಮೇಲೆ ಮಣ್ಣಿಗಿಳಿದು ಕೋಶವಾಗುತ್ತೆ, ಅದರಿಂದ ಹೊರಬರೋದು ಅಗಲ ರೆಕ್ಕೆಯ, ಹಳದಿ ಮಿಶ್ರಿತ ಕಂದು ಬಣ್ಣದ ದೊಡ್ಡ ಪತಂಗ. ರೆಕ್ಕೆ ಮೇಲೆ ಮಸುಕು ಗೆರೆ. ಮರದ ಮೇಲೆ ಗೂಡು ಹುಡುಕಿದರೆ ಸಿಗದೇ ಇರೋದು ಅದಕ್ಕೇ. ಮಳೆ ಬಿದ್ದ ಮೇಲೆ ಪತಂಗ ದೀಪಕ್ಕೆ ಬಂದರೂ ಬೊಡ್ಡೆ ಮೇಲಿನ ಹುಳಕ್ಕೂ ಈ ಪತಂಗಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲ್ಲ.

ಇದರ ಕೂದಲು ತುರಿಸುತ್ತೆ. ಹಿಂದಿನಿಂದ ರೂಢಿಯಲ್ಲಿರುವ ಉಪಾಯ ಅಂದರೆ ಪಂಜು ಹಿಡಿದು ಗುಂಪನ್ನು ಸುಡೋದು. ಹೊಲದ ಒಂಟಿ ಮರಕ್ಕೆ ಅದು ನಡೆದೀತು. ಅಂಗಡಿ ಸಾಲಿನಲ್ಲಿ, ಕರೆಂಟ್ ತಂತಿ ಕೆಳಗೆ, ತಟ್ಟಿನ ಪಕ್ಕ ಪಂಜು ಹಿಡಿಯುವುದು ಹುಳಕ್ಕಿಂತ ದೊಡ್ಡ ಅಪಾಯ. ಗುಂಪು ಬೊಡ್ಡೆಯ ಕೆಳಭಾಗದಲ್ಲಿದ್ದರೆ ಹಗಲು ಹೊತ್ತಿನಲ್ಲೇ ಕೆಲಸ ಮುಗಿಸಬಹುದು. ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾಳಿ ಬೆನ್ನ ಕಡೆಯಿಂದ ಬೀಸುವಂಗೆ ನಿಂತು, ಮೊದಲು ಸೋಪು ನೀರು ಸಿಂಪಡಿಸಿ ಹುಳಗಳನ್ನು ಪೂರ್ತಿ ತೋಯಿಸಬೇಕು. ತೊಯ್ದ ಕೂದಲು ಹಾರಲ್ಲ. ಆಮೇಲೆ ಉದ್ದ ಕೋಲಿನ ತುದಿಯಿಂದ ಕೆರೆದು ಸೋಪು ನೀರಿನ ಬಕೆಟ್ಟಿಗೆ ಬೀಳಿಸಿ, ಒಂದು ತಾಸು ಬಿಟ್ಟು ಮಣ್ಣಲ್ಲಿ ಹೂಳಬೇಕು. ಒಣ ಕಸಬರಿಗೆಯಿಂದ ಬಡಿದು ಉದುರಿಸಿದರೆ ಕೂದಲೆಲ್ಲ ಗಾಳಿಗೆ ಹಾರಿ ಪಕ್ಕದ ಅಂಗಡಿಯವರ ಮೈಗೆ ಹೋಗುತ್ತೆ. ನುಗ್ಗೆ ಎಲೆ, ಕಾಯಿ, ಹೂವು ಎಲ್ಲವೂ ಅಡುಗೆಗೆ ಹೋಗುವಂಥವು. ಆದ್ದರಿಂದ ಹತ್ತಿಗೆ ತಂದು ಉಳಿದ ಔಷಧಿಯನ್ನು ಇದಕ್ಕೆ ಹೊಡೆಯಬೇಡಿ. ಮರ ಎತ್ತರವಿದ್ದು ಬೇರೆ ದಾರಿ ಇಲ್ಲ ಅಂದರೆ ರೈತ ಸಂಪರ್ಕ ಕೇಂದ್ರದಲ್ಲೋ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಫೋಟೊ ತೋರಿಸಿ ಕೇಳಿ.

ಶೇಂಗಾ ಹೊಲದ ಕೆಂಪು ದಂಡು

ಇನ್ನು ಶೇಂಗಾ ಬೆಳೆಗಾರರು ಚೆನ್ನಾಗಿ ಬಲ್ಲ ಕೆಂಪು ಕಂಬಳಿ ಹುಳ. ದೊಡ್ಡದಾದಾಗ ಕೆಂಗಂದು ಕೂದಲು, ಮೈಯ ಎರಡೂ ತುದಿಗೆ ಕಪ್ಪು ಪಟ್ಟಿ. ಒಂದು ಹೊಲ ತಿಂದು ಮುಗಿಸಿ, ದಂಡು ಕಟ್ಟಿಕೊಂಡು ದಾರಿ ದಾಟಿ ಇನ್ನೊಂದು ಹೊಲಕ್ಕೆ ಹೋಗುವಾಗ ಬೈಕ್ ನಿಲ್ಲಿಸಿ ವಿಡಿಯೊ ಮಾಡುವವರೇ ಜಾಸ್ತಿ. ಬೆಳೆಗೆ ಇದು ದೊಡ್ಡ ಶತ್ರು. ಮೈಗೆ ಮಾತ್ರ, ಮೇಲೆ ಹೇಳಿದ ಔಡಲದ ಕಪ್ಪು ಕಂಬಳಿ ಹುಳದ ಗುಂಪಿಗೇ ಸೇರಿದ್ದು, ಬರಿಗೈಲಿ ಹಿಡಿದು ಉಜ್ಜದಿದ್ದರೆ ಹೆಚ್ಚಿನವರಿಗೆ ಏನೂ ಆಗಲ್ಲ. ಹೆಸರು, ಸೂರ್ಯಕಾಂತಿಯಲ್ಲಿ ಬರುವ ಹಳದಿ ಮಿಶ್ರಿತ ಕಂಬಳಿ ಹುಳವೂ ಇದೇ ಬಳಗ. ಅದರ ಪತಂಗದ ರೆಕ್ಕೆ ತಿಳಿ ಕಂದು, ಹೊಟ್ಟೆ ಕೆಂಪು, ಅದರ ಮೇಲೆ ಕಪ್ಪು ಚುಕ್ಕೆ.

ಕೆಂಪು ಹುಳದ ಪತಂಗ ನೋಡಿದರೆ ಇದರ ಮರಿ ಅದು ಅಂತ ನಂಬೋದೇ ಕಷ್ಟ. ಬಿಳಿ ರೆಕ್ಕೆ, ಮುಂದಿನ ರೆಕ್ಕೆ ಮೇಲೆ ಕಂದು ಗೆರೆ, ಹಿಂದಿನ ರೆಕ್ಕೆ ಮೇಲೆ ಕಪ್ಪು ಚುಕ್ಕೆ, ತಲೆಯ ಬಳಿ ಹಳದಿ ಪಟ್ಟಿ. ಕೋಶ ಮಣ್ಣಿನೊಳಗೆ ತಿಂಗಳುಗಟ್ಟಲೆ ಮಲಗಿದ್ದು, ಜೋರು ಮಳೆ ಬಿದ್ದ ಕೆಲವೇ ದಿನದಲ್ಲಿ ಪತಂಗಗಳು ಒಟ್ಟಿಗೆ ಎದ್ದು ದೀಪಕ್ಕೆ ಬರುತ್ತವೆ. ಈ ಹೊಂದಿಕೆ ಗೊತ್ತಿದ್ದರೆ ಲಾಭ ಇದೆ. ಮುಂಗಾರಿನ ದೊಡ್ಡ ಮಳೆಯಾದ ಮೇಲೆ ಊರಂಚಿನ ಅಂಗಡಿ, ಪೆಟ್ರೋಲ್ ಬಂಕ್ ದೀಪಕ್ಕೆ ಈ ಬಿಳಿ ಪತಂಗ ರಾಶಿ ಬಿದ್ದಿದ್ದನ್ನು ಕಂಡರೆ, ಸುತ್ತಲ ಶೇಂಗಾ ಹೊಲಗಳಲ್ಲಿ ಎಲೆಯ ಅಡಿಯ ಮೊಟ್ಟೆ ಗುಂಪು ಹುಡುಕುವ ಹೊತ್ತು ಬಂತು ಅಂತ ಅರ್ಥ. ಮರಿ ಸಣ್ಣದಿದ್ದಾಗ ಒಂದೇ ಎಲೆ ಮೇಲೆ ಗುಂಪಾಗಿರುತ್ತವೆ, ಆ ಎಲೆ ಕಿತ್ತರೆ ಸಾಕು. ಕೆಂಪಾಗಿ ದಾರಿಗಿಳಿದ ಮೇಲೆ ಹೊಲದ ಸುತ್ತ ಕಾಲುವೆ ತೋಡಿ ತಡೆಯುವ ಕೆಲಸ ಬೀಳುತ್ತೆ.

ಸಂಶಯ ಇದ್ದರೆ ಸಾಕಿ ನೋಡಿ

ಫೋಟೊದಿಂದ ತೀರ್ಮಾನ ಆಗದಿದ್ದರೆ ಉಳಿದ ದಾರಿ ಒಂದೇ, ಹುಳ ಸಾಕಿ ಪತಂಗ ಹೊರಬರೋ ತನಕ ಕಾಯೋದು. ಶಾಲೆ ಮಕ್ಕಳೂ ಮಾಡಬಹುದು, ಆದರೆ ನುಣುಪು ಹುಳ ಮಾತ್ರ. ಕೂದಲಿನದು, ಹಸಿರು ಚಪ್ಪಟೆಯದು ಮಕ್ಕಳ ಕೈಗೆ ಬೇಡ.

ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಬಾಯಿಗೆ ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ತಳದಲ್ಲಿ ಎರಡು ಮೂರು ಬೆರಳು ದಪ್ಪ ಸ್ವಲ್ಪ ತೇವದ ಮಣ್ಣು, ಮಣ್ಣಿಗಿಳಿಯುವ ಜಾತಿ ಇರಬಹುದಲ್ಲ. ಪಕ್ಕಕ್ಕೆ ಒಂದು ಕಡ್ಡಿ, ಪಾತರಗಿತ್ತಿ ಆಗಿದ್ದರೆ ಅದಕ್ಕೆ ಜೋತು ಬೀಳಲಿ ಅಂತ. ಹುಳ ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ ಹೊಸ ಎಲೆ ದಿನಾಲು ಹಾಕಿ, ಹಿಕ್ಕೆ ತೆಗೆಯಬೇಕು. ನೀರು ಚಿಮುಕಿಸಬಾರದು, ಬೂಸ್ಟು ಹಿಡಿದು ಹುಳ ಸಾಯುತ್ತೆ. ಡಬ್ಬಿಯನ್ನು ಬಿಸಿಲಿಗೆ ಇಡಬಾರದು. ಡಬ್ಬಿ ಮೇಲೆ ಚೀಟಿ ಅಂಟಿಸಿ ಗಿಡದ ಹೆಸರು, ಊರು, ಸಿಕ್ಕ ದಿನ ಬರೆದು, ಪೊರೆ ಬಿಟ್ಟಾಗೆಲ್ಲ ಒಂದು ಫೋಟೊ ತೆಗೆದರೆ, ಕೊನೆಗೆ ಬಂದ ಪತಂಗಕ್ಕೂ ಮೊದಲ ದಿನದ ಹುಳಕ್ಕೂ ನಡುವಿನ ಕೊಂಡಿ ತಪ್ಪಲ್ಲ. ಎಕ್ಕೆಯ ಪಾತರಗಿತ್ತಿಯಾದರೆ ಮೂರ್ನಾಲ್ಕು ವಾರದಲ್ಲಿ ಎಲ್ಲ ಮುಗಿಯುತ್ತೆ. ಕೆಂಪು ಕಂಬಳಿ ಹುಳ ಸಾಕಿದವರು ಮುಂದಿನ ಮಳೆಗಾಲದವರೆಗೆ ಡಬ್ಬಿ ಕಾಯಬೇಕಾದೀತು.

ಕೆಲವೊಮ್ಮೆ ಡಬ್ಬಿಯಲ್ಲಿ ಪತಂಗದ ಬದಲು ಸಣ್ಣ ಕಣಜವೋ ನೊಣವೋ ಹಾರಾಡುತ್ತಿರುತ್ತೆ. ಹುಳ ಸಿಗುವ ಮೊದಲೇ ಕಣಜ ಅದರೊಳಗೆ ಮೊಟ್ಟೆ ಇಟ್ಟಿರುತ್ತೆ. ಔಡಲದ ಕೊಂಡಿ ಹುಳದ ಹಿಂಭಾಗಕ್ಕೆ ಸಣ್ಣ ಗೂಡೊಂದು ಅಂಟಿದ್ದು ಕಂಡರೆ ಅದು ಕಣಜದ್ದು. ಆ ಹುಳ ಇನ್ನು ಪತಂಗ ಆಗಲ್ಲ. ಹೊಲದಲ್ಲಿ ಅಂಥ ಹುಳ ಕಂಡರೆ ಕೊಲ್ಲದೆ ಬಿಡಿ, ಹೊರಬರುವ ಕಣಜ ಇನ್ನಷ್ಟು ಕೊಂಡಿ ಹುಳ ಹುಡುಕಿಕೊಂಡು ಹೋಗುತ್ತೆ.

ಹೊರಬಂದದ್ದರ ಫೋಟೊ ಹೋಲಿಸೋಕೆ ಎರಡು ಒಳ್ಳೆ ವೆಬ್‌ಸೈಟ್ ಇವೆ. ಪಾತರಗಿತ್ತಿಗೆ `ifoundbutterflies.org`, ಪತಂಗಕ್ಕೆ `mothsofindia.org`. ಎರಡರಲ್ಲೂ ಬೆಳೆದ ಕೀಟದ ಜೊತೆ ಹಲವು ಜಾತಿಗಳ ಮರಿಯ ಫೋಟೊ, ಅದು ತಿನ್ನುವ ಗಿಡದ ಹೆಸರೂ ಇರುತ್ತೆ. ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಬೇಕು: ಎಕ್ಕೆಯ ಪಾತರಗಿತ್ತಿಗೆ `Danaus chrysippus`, ಔಡಲ ಪಾತರಗಿತ್ತಿಗೆ `Ariadne merione`, ಕೊಂಡಿ ಹುಳಕ್ಕೆ `Achaea janata`, ಔಡಲದ ಕಪ್ಪು ಕಂಬಳಿ ಹುಳಕ್ಕೆ `Olepa ricini`, ಹಳದಿ ಪತಂಗದ ಗುಂಪಿಗೆ `Euproctis`, ಹಸಿರು ಚಪ್ಪಟೆ ಹುಳಕ್ಕೆ `Parasa lepida`, ನುಗ್ಗೆಯದಕ್ಕೆ `Eupterote mollifera`, ಶೇಂಗಾದ ಕೆಂಪು ಹುಳಕ್ಕೆ `Amsacta albistriga`.

ಮೈಗೆ ತಾಗಿದರೆ

ಮೊದಲ ಕೆಲಸ, ಉಜ್ಜದೇ ಇರೋದು. ಹುಳ ಇನ್ನೂ ಮೈಮೇಲಿದ್ದರೆ ಕೈಯಿಂದ ಒರೆಸದೆ ಕಡ್ಡಿಯಿಂದ ಎತ್ತಿ ಹಾಕಬೇಕು. ಆಮೇಲೆ ಅಂಗಡಿಯಲ್ಲಿ ಪೊಟ್ಟಣಕ್ಕೆ ಹಚ್ಚುವ ಅಂಟು ಟೇಪನ್ನು ಆ ಜಾಗದ ಮೇಲೆ ಮೆಲ್ಲಗೆ ಒತ್ತಿ ಕೀಳಬೇಕು. ಹೊಸ ತುಂಡು ಬಳಸಿ ನಾಲ್ಕೈದು ಸಲ ಹೀಗೆ ಮಾಡಿದರೆ ಕಣ್ಣಿಗೆ ಕಾಣದ ಮುಳ್ಳು ಟೇಪಿಗೆ ಬರುತ್ತವೆ. ಎಣ್ಣೆ, ಅರಿಶಿಣ ಮೊದಲೇ ಹಚ್ಚಿಬಿಟ್ಟರೆ ಟೇಪು ಹತ್ತಲ್ಲ, ಮುಳ್ಳು ಅಲ್ಲೇ ಉಳಿಯುತ್ತೆ. ಟೇಪಿನ ನಂತರ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಉರಿ ತಗ್ಗುತ್ತೆ. ಹಾಕಿಕೊಂಡಿದ್ದ ಬಟ್ಟೆ ಬದಲಿಸಿ, ಅದನ್ನು ಮನೆಯ ಉಳಿದ ಬಟ್ಟೆ ಜೊತೆ ಸೇರಿಸದೆ ಬೇರೆಯಾಗಿ ನೆನೆಹಾಕಿ. ತುರಿಕೆಗೆ ಕ್ಯಾಲಮೈನ್ ಲೋಷನ್ ನಡೆಯುತ್ತೆ, ಅಲರ್ಜಿ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತಗೊಳ್ಳಬೇಕು, ಮಕ್ಕಳಿಗಂತೂ ಕೇಳದೆ ಕೊಡಬಾರದು.

ಕೂದಲು ಕಣ್ಣಿಗೆ ಹೋದರೆ ಮಾತ್ರ ಮನೆಮದ್ದಿನ ಯೋಚನೆ ಬಿಡಿ. ಉಜ್ಜಿದರೆ ಅದು ಕಣ್ಣಿನ ಗುಡ್ಡೆಯೊಳಗೆ ಚುಚ್ಚಿಕೊಂಡು ದಿನದಿನಕ್ಕೆ ಒಳಗೆ ಸರಿಯುತ್ತೆ. ಶುದ್ಧ ನೀರಿನಿಂದ ತೊಳೆದು ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದಂಗೆ ಆದರೆ, ಮಗು ಹುಳವನ್ನು ಬಾಯಿಗೆ ಹಾಕಿಕೊಂಡಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಧ್ಯವಾದರೆ ಹುಳದ ಫೋಟೊ ಜೊತೆಗಿರಲಿ.

ಮೈ ತುರಿಸಿದಾಗಲೆಲ್ಲ ಹುಳದ್ದೇ ತಪ್ಪು ಅಂತಲೂ ಅಲ್ಲ. ಹಿಂಗಾರಿನಲ್ಲಿ ರೋಣ, ನರಗುಂದದ ಎರೆಹೊಲದಲ್ಲಿ ಕಡಲೆ ಕೀಳುವವರ ಕೈ ಉರಿಯೋದು ಕಾಯಿಕೊರಕ ಹುಳದಿಂದಲ್ಲ, ಆ ಹುಳ ನುಣುಪು, ಯಾರಿಗೂ ಏನೂ ಮಾಡಲ್ಲ. ಉರಿಸೋದು ಕಡಲೆ ಗಿಡದ ಮೇಲಿನ ಹುಳಿ. ಪಾರ್ಥೇನಿಯಂ ಕಿತ್ತವರಿಗೆ ಕುತ್ತಿಗೆ, ಮುಖ ಕೆಂಪಾಗುತ್ತೆ. ಬೇಲಿ ಸವರುವಾಗ ನಸುಗುನ್ನಿ ಕಾಯಿ ತಾಗಿದರೆ ಕಂಬಳಿ ಹುಳದ ತುರಿಕೆಯಂಗೇ ಇರುತ್ತೆ, ಅದಕ್ಕೂ ಟೇಪು, ಸೋಪು, ನೀರೇ ಮದ್ದು.